ವಿಡಿಯೋಗೆ ಎಐ ಹಿನ್ನೆಲೆ ಸಂಗೀತ: ಟ್ರ್ಯಾಕ್ ತಯಾರಿಸುವುದು, ಹೊಂದಿಸುವುದು, ಪ್ರಕಟಿಸುವ ಮುನ್ನ ಹಕ್ಕು ಪರಿಶೀಲಿಸುವುದು

ಎಐ ಸಂಗೀತದ ಹಕ್ಕಿನ ತಕರಾರುಗಳು ಹೆಚ್ಚಾಗಿ ಶುರುವಾಗುವುದು ವಿಡಿಯೋ ಅಪ್‌ಲೋಡ್ ಮಾಡಿದ ದಿನವಲ್ಲ, ಟ್ರ್ಯಾಕ್ ತಯಾರಾದ ದಿನ. ಆ ದಿನ ನಿಮ್ಮ ಖಾತೆ ಯಾವ ಪ್ಲಾನ್‌ನಲ್ಲಿತ್ತು, ಸೇವೆಯ ಷರತ್ತುಗಳಲ್ಲಿ ಏನು ಬರೆದಿತ್ತು ಎಂಬುದರ ಮೇಲೆ ಆ ಟ್ರ್ಯಾಕನ್ನು ಎಲ್ಲಿ ಬಳಸಬಹುದು ಎಂಬುದು ನಿಂತಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿ ಪ್ರಾಂಪ್ಟ್‌ನಿಂದಲ್ಲ, ಷರತ್ತುಗಳ ಪುಟದಿಂದ ಶುರುವಾಗುತ್ತದೆ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಸೈಕಲ್ ಟ್ಯೂಬಿನ ಪಂಕ್ಚರ್ ಹಾಕುವುದನ್ನು ತೋರಿಸುವ ಆರು ನಿಮಿಷದ ವಿಡಿಯೋ. ಒಬ್ಬರು ಮಾತಾಡುತ್ತಾ ಕೆಲಸ ಮಾಡುತ್ತಾರೆ. ಚಾನೆಲ್‌ಗೆ ಜಾಹೀರಾತಿನಿಂದ ಹಣ ಬರುತ್ತದೆ.

ಮೊದಲು ಓದಬೇಕಾದ್ದು

ಸಂಗೀತ ತಯಾರಿಸುವ ಎಐ ಉಪಕರಣದ ಜಾಲತಾಣದಲ್ಲಿ "ರಾಯಲ್ಟಿ ಫ್ರೀ" ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತದೆ. ಪ್ರತಿ ಪ್ರದರ್ಶನಕ್ಕೂ ಹಣ ಕಟ್ಟಬೇಕಿಲ್ಲ ಎಂಬುದಷ್ಟೇ ಅದರ ಅರ್ಥ. ನಿಮ್ಮ ವಿಡಿಯೋಗೆ ಅನುಮತಿ ಇದೆಯೇ ಎಂಬುದಕ್ಕೆ ಅದರಲ್ಲಿ ಉತ್ತರ ಸಿಗುವುದಿಲ್ಲ. ಉತ್ತರ ಇರುವುದು "Terms of Service" ಪುಟದಲ್ಲಿ ಮತ್ತು ಪ್ಲಾನ್‌ಗಳ ಬೆಲೆ ತೋರಿಸುವ "Pricing" ಪುಟದಲ್ಲಿ. ಎರಡನ್ನೂ ತೆರೆದು "commercial", "ownership", "attribution" ಎಂಬ ಮೂರು ಪದಗಳನ್ನು ಹುಡುಕಿ. ಷರತ್ತು ಎಷ್ಟೇ ಉದ್ದವಿರಲಿ, ನಿಮಗೆ ಬೇಕಾದ ವಾಕ್ಯಗಳು ಬಹುಪಾಲು ಈ ಪದಗಳ ಸುತ್ತಮುತ್ತಲೇ ಇರುತ್ತವೆ.

ಓದುವಾಗ ಮೊದಲು ನೋಡಬೇಕಾದದ್ದು, ನಿಮ್ಮ ಬಳಕೆ ವಾಣಿಜ್ಯ ಬಳಕೆಯೇ ಎಂಬುದನ್ನು. ಹಣ ಬರುತ್ತಿಲ್ಲವಾದರೆ ವಾಣಿಜ್ಯವಲ್ಲ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಜಾಹೀರಾತು ಬರುವ ಚಾನೆಲ್ ವಾಣಿಜ್ಯ. ಪ್ರಾಯೋಜಕರಿರುವ ವಿಡಿಯೋ ವಾಣಿಜ್ಯ. ಅಂಗಡಿ ಅಥವಾ ಕಂಪನಿಯ ಪ್ರಚಾರದ ವಿಡಿಯೋ, ಅದರಲ್ಲಿ ಒಂದೂ ಜಾಹೀರಾತು ಇಲ್ಲದಿದ್ದರೂ, ವಾಣಿಜ್ಯ. ಬೇರೆಯವರಿಗೆ ಸಂಭಾವನೆ ಪಡೆದು ಮಾಡಿಕೊಡುವ ವಿಡಿಯೋ ಕೂಡ ವಾಣಿಜ್ಯವೇ, ಮತ್ತು ಅಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ನಿಮಗೆ ಸಿಕ್ಕ ಅನುಮತಿಯನ್ನು ಗ್ರಾಹಕರಿಗೆ ದಾಟಿಸಲು ಷರತ್ತು ಬಿಡುತ್ತದೆಯೇ? ಇದು ಸ್ಪಷ್ಟವಾಗಿ ಬರೆದಿಲ್ಲದಿದ್ದರೆ, ಗ್ರಾಹಕರೇ ತಮ್ಮ ಹೆಸರಿನ ಖಾತೆಯಲ್ಲಿ ಟ್ರ್ಯಾಕ್ ತಯಾರಿಸಿಕೊಳ್ಳುವುದು ಸುರಕ್ಷಿತ.

ಎಲ್ಲ ಉಪಕರಣಗಳೂ ಒಂದೇ ಥರ ಇಲ್ಲ. ಸುನೋ ಎಂಬ ಉಪಕರಣದಲ್ಲಿ ಉಚಿತ ಪ್ಲಾನ್‌ನಲ್ಲಿ ಮಾಡಿದ್ದು ವಾಣಿಜ್ಯೇತರ ಬಳಕೆಗೆ ಮಾತ್ರ. ವಾಣಿಜ್ಯ ಬಳಕೆಯ ಹಕ್ಕು ಚಂದಾ ಚಾಲ್ತಿಯಲ್ಲಿದ್ದಾಗ ಮಾಡಿದ ಹಾಡುಗಳಿಗಷ್ಟೇ ಸಿಗುತ್ತದೆ. ಉಚಿತವಾಗಿ ಮಾಡಿದ ಟ್ರ್ಯಾಕ್ ಇಷ್ಟವಾಯಿತೆಂದು ಮರುದಿನ ಚಂದಾ ಕಟ್ಟಿದರೆ, ಆ ಹಳೆಯ ಟ್ರ್ಯಾಕಿಗೆ ಹಕ್ಕು ಹಿಂದಕ್ಕೆ ಹೋಗಿ ಅಂಟಿಕೊಳ್ಳುವುದಿಲ್ಲ. ಚಂದಾ ಕಟ್ಟಿದ ಮೇಲೆ ಹೊಸದಾಗಿ ತಯಾರಿಸಬೇಕು. ಅನೇಕರು ಎಡವುವುದು ಇಲ್ಲೇ: ಉಚಿತ ಪ್ಲಾನ್‌ನಲ್ಲಿ ಹತ್ತಾರು ಪ್ರಯೋಗ ಮಾಡಿ, ಒಂದನ್ನು ಆರಿಸಿ, ಎಡಿಟ್ ಮುಗಿಸಿ, ಪ್ರಕಟಿಸುವ ಹಿಂದಿನ ದಿನ ಚಂದಾ ಕಟ್ಟುತ್ತಾರೆ. ಅದೇ ಪ್ರಾಂಪ್ಟ್ ಕೊಟ್ಟರೂ ಅದೇ ಸಂಗೀತ ಮತ್ತೆ ಬರುವುದಿಲ್ಲ, ಎಡಿಟ್ ಪೂರ್ತಿ ಕೆಡುತ್ತದೆ.

ಐವಾ ಎಂಬ ಉಪಕರಣದಲ್ಲಿ ಮೂರು ಮೆಟ್ಟಿಲಿವೆ. ಉಚಿತ ಪ್ಲಾನ್‌ನಲ್ಲಿ ಕೃತಿಸ್ವಾಮ್ಯ ಐವಾದ್ದೇ, ಬಳಕೆ ವಾಣಿಜ್ಯೇತರ, ಹೆಸರು ಹಾಕಲೇಬೇಕು. ನಡುವಿನ ಪ್ಲಾನ್‌ನಲ್ಲಿ ಯೂಟ್ಯೂಬ್, ಇನ್‌ಸ್ಟಾಗ್ರಾಂನಂಥ ಕೆಲವು ವೇದಿಕೆಗಳಲ್ಲಿ ಮಾತ್ರ ಹಣ ಗಳಿಸಬಹುದು. ಮೇಲಿನ ಪ್ಲಾನ್‌ನಲ್ಲಿ ಕೃತಿಸ್ವಾಮ್ಯ ಬಳಕೆದಾರರಿಗೆ ಬರುತ್ತದೆ. ನಡುವಿನ ಮೆಟ್ಟಿಲು ಇಟ್ಟುಕೊಂಡು ಅದೇ ವಿಡಿಯೋವನ್ನು ಟಿವಿ ಜಾಹೀರಾತಿಗೆ ಕೊಟ್ಟರೆ ಷರತ್ತು ಮುರಿದಂತೆ. "ವಾಣಿಜ್ಯ ಬಳಕೆಗೆ ಅವಕಾಶವಿದೆ" ಎಂಬ ಸಾಲು ಕಂಡ ಕೂಡಲೇ ಓದುವುದನ್ನು ನಿಲ್ಲಿಸಬಾರದು ಎನ್ನುವುದು ಇದಕ್ಕೇ.

ನಿಮ್ಮದೇ ಕಂಪ್ಯೂಟರಿನಲ್ಲಿ ಓಡಿಸುವ ಮುಕ್ತ ಮಾದರಿಗಳ ಬಗ್ಗೆಯೂ ಒಂದು ಎಚ್ಚರಿಕೆ. ಮೆಟಾ ಕಂಪನಿಯ ಮ್ಯೂಸಿಕ್‌ಜೆನ್‌ನಲ್ಲಿ ಪ್ರೋಗ್ರಾಂ ಕೋಡ್ ಎಂಐಟಿ ಲೈಸೆನ್ಸ್‌ನಲ್ಲಿದೆ, ಅದು ತುಂಬ ಉದಾರವಾದ ಲೈಸೆನ್ಸ್. ಆದರೆ ಸಂಗೀತ ಹುಟ್ಟಿಸುವ ಮಾದರಿಯ ತೂಕಗಳು, ಅಂದರೆ ಅದು ಕಲಿತದ್ದನ್ನು ಹಿಡಿದಿಟ್ಟ ಅಂಕಿಗಳು, `CC-BY-NC 4.0` ಅಡಿಯಲ್ಲಿವೆ. ಅದರಲ್ಲಿರುವ `NC` ಎಂದರೆ ವಾಣಿಜ್ಯೇತರ. ಕೋಡಿನ ಲೈಸೆನ್ಸ್ ನೋಡಿ ಮಾದರಿಯದ್ದನ್ನು ನೋಡದೆ ಮುಂದುವರಿಯುವವರು ಬಹಳ.

ನಮ್ಮ ಪಂಕ್ಚರ್ ವಿಡಿಯೋ ಜಾಹೀರಾತಿನದ್ದಾದ್ದರಿಂದ ತೀರ್ಮಾನ ಸುಲಭ: ವಾಣಿಜ್ಯ ಬಳಕೆ ಬಿಡುವ ಪ್ಲಾನ್‌ಗೆ ಮೊದಲು ಚಂದಾ, ಆಮೇಲೆ ಮೊದಲ ಪ್ರಾಂಪ್ಟ್. ಚಂದಾ ಕಟ್ಟಿದ ದಿನವೇ ರಸೀದಿಯನ್ನೂ ಷರತ್ತುಗಳ ಪುಟವನ್ನೂ ಪಿಡಿಎಫ್ ಆಗಿ ಉಳಿಸಿ. ಷರತ್ತುಗಳ ಮೇಲೆ "Last updated" ಎಂದು ಒಂದು ದಿನಾಂಕ ಇರುತ್ತದೆ, ಪಿಡಿಎಫ್‌ನಲ್ಲಿ ಅದು ಕಾಣುವಂತಿರಲಿ. ಈ ಪುಟಗಳು ಬದಲಾಗುತ್ತಲೇ ಇರುತ್ತವೆ. ದೊಡ್ಡ ಸಂಗೀತ ಕಂಪನಿಗಳು ಸುನೋ ಮತ್ತು ಅಂಥದೇ ಇನ್ನೊಂದು ಉಪಕರಣವಾದ ಯೂಡಿಯೋ ಮೇಲೆ 2024ರ ಜೂನ್‌ನಲ್ಲಿ ಮೊಕದ್ದಮೆ ಹೂಡಿದ ಮೇಲೆ, ಒಪ್ಪಂದಗಳ ಜೊತೆ ನಿಯಮಗಳೂ ಬದಲಾಗುತ್ತಾ ಬಂದಿವೆ. 2025ರ ಅಕ್ಟೋಬರ್‌ನಲ್ಲಿ ಯೂಡಿಯೋ ಯೂನಿವರ್ಸಲ್ ಮ್ಯೂಸಿಕ್ ಜೊತೆ ರಾಜಿ ಮಾಡಿಕೊಂಡ ಬೆನ್ನಲ್ಲೇ ಡೌನ್‌ಲೋಡ್ ಮುಚ್ಚಿತು. ಬಳಕೆದಾರರ ಆಕ್ಷೇಪದ ನಂತರ ಹಳೆಯ ಹಾಡುಗಳನ್ನು ಇಳಿಸಿಕೊಳ್ಳಲು 48 ಗಂಟೆ ಮಾತ್ರ ತೆರೆಯಿತು. ಹಾಗಾಗಿ ಬೇಕಾದ ಟ್ರ್ಯಾಕನ್ನು ಸೇವೆಯ ಸರ್ವರಿನಲ್ಲೇ ಬಿಟ್ಟು ಆಮೇಲೆ ನೋಡೋಣ ಎನ್ನಬೇಡಿ, ಅಂದೇ ಇಳಿಸಿಕೊಳ್ಳಿ.

ಸಂಗೀತ ಎಲ್ಲಿ ಬೇಕು, ಎಲ್ಲಿ ಬೇಡ

ಉಪಕರಣ ತೆರೆಯುವ ಮುನ್ನ ವಿಡಿಯೋದ ಒರಟು ಎಡಿಟ್ ಮುಗಿದಿರಲಿ. ಆರು ನಿಮಿಷಕ್ಕೆ ಆರು ನಿಮಿಷದ ಸಂಗೀತ ಬೇಕಿಲ್ಲ, ಬೇಡವೂ ಬೇಡ. ಪಂಕ್ಚರ್ ಹುಡುಕುವ ಭಾಗವನ್ನೇ ನೋಡಿ: ಟ್ಯೂಬಿನಿಂದ ಗಾಳಿ ಸುಯ್ಯೆಂದು ಹೊರಬರುವ ಸದ್ದು ಕೇಳಿಸಲೇಬೇಕು, ಅದೇ ಅಲ್ಲಿನ ಪಾಠ. ಅಲ್ಲಿ ಸಂಗೀತ ಹಾಕಿದರೆ ವಿಡಿಯೋ ಕೆಡುತ್ತದೆ.

ಹೀಗೊಂದು ನಕ್ಷೆ ಮಾಡಬಹುದು. ಮೊದಲ 20 ಸೆಕೆಂಡು ಮಾತಿಲ್ಲದ ಆರಂಭ, ಸಂಗೀತ ಸ್ಪಷ್ಟವಾಗಿ ಕೇಳುತ್ತದೆ. 0:20ರಿಂದ 1:40ರವರೆಗೆ ಸಲಕರಣೆಗಳ ಪರಿಚಯ, ಮಾತಿನ ಕೆಳಗೆ ಮೆಲುವಾಗಿ ಸಂಗೀತ. 1:40ರಿಂದ 3:40ರವರೆಗೆ ತೂತು ಹುಡುಕುವುದು ಮತ್ತು ಉಜ್ಜುವುದು, ಸಂಗೀತವಿಲ್ಲ. 3:40ರಿಂದ 5:00ರವರೆಗೆ ಅಂಟು ಹಚ್ಚಿ ಒಣಗಲು ಬಿಟ್ಟು ಪ್ಯಾಚ್ ಕೂರಿಸುವುದು, ಮತ್ತೆ ಮೆಲುವಾದ ಸಂಗೀತ. ಆಮೇಲೆ 40 ಸೆಕೆಂಡು ಟೈರ್ ಕೂರಿಸುವ ಸದ್ದೇ ಸಾಕು. ಕೊನೆಯ 20 ಸೆಕೆಂಡಿಗೆ ಸಂಗೀತದ ಮುಕ್ತಾಯ. ಒಟ್ಟು ಸಂಗೀತ 3 ನಿಮಿಷ 20 ಸೆಕೆಂಡು.

ಈಗ ವೇಗ ಆರಿಸಿ. ನಿಮಿಷಕ್ಕೆ 96 ಬಡಿತ ಇಟ್ಟರೆ ಒಂದು ಬಡಿತಕ್ಕೆ 0.625 ಸೆಕೆಂಡು, ನಾಲ್ಕು ಬಡಿತದ ಒಂದು ಆವರ್ತಕ್ಕೆ ಸರಿಯಾಗಿ 2.5 ಸೆಕೆಂಡು. ಎಂಟು ಆವರ್ತಕ್ಕೆ 20 ಸೆಕೆಂಡು, ಹದಿನಾರಕ್ಕೆ 40. ನಕ್ಷೆಯಲ್ಲಿ ಸಂಗೀತ ಬರುವ ಭಾಗಗಳೆಲ್ಲ 20ರ ಗುಣಕಗಳಲ್ಲಿರುವುದರಿಂದ ಎಲ್ಲಿ ಕತ್ತರಿಸಿದರೂ ಆವರ್ತದ ಅಂಚಿಗೇ ಬೀಳುತ್ತದೆ. ನಿಧಾನದ ವಿಡಿಯೋಗೆ 80 ಬಡಿತವೂ ಅನುಕೂಲ, ಅಲ್ಲಿ ಆವರ್ತ ಸರಿಯಾಗಿ 3 ಸೆಕೆಂಡು.

ಪ್ರಾಂಪ್ಟ್: ಹಾಡು ಬೇಡ, ಹಾಸು ಬೇಕು

ಈ ಉಪಕರಣಗಳು ಕಲಿತದ್ದು ಬಹುತೇಕ ಪೂರ್ತಿ ಹಾಡುಗಳಿಂದ. ಹೇಳದೇ ಬಿಟ್ಟರೆ ಅವು ಹಾಡಿನ ಆಕಾರವನ್ನೇ ಕೊಡುತ್ತವೆ: ಪೀಠಿಕೆ, ಏರಿಕೆ, ಎಲ್ಲ ವಾದ್ಯಗಳೂ ಒಟ್ಟಿಗೆ ನುಗ್ಗುವ ಪಲ್ಲವಿ, ನಡುವೆ ಗಿಟಾರಿನ ಒಂಟಿ ನುಡಿಸಾಣಿಕೆ. ಹಿನ್ನೆಲೆ ಸಂಗೀತಕ್ಕೆ ಇದೆಲ್ಲ ಶತ್ರು. ಮಾತಿನ ಕೆಳಗೆ ಏನೂ "ನಡೆಯಬಾರದು". ನೆಲಕ್ಕೆ ಹಾಸಿದ ಚಾಪೆಯಂತೆ ಸಂಗೀತ ಸಮನಾಗಿ ಇರಬೇಕು. ಆದ್ದರಿಂದ ಪ್ರಾಂಪ್ಟ್‌ನಲ್ಲಿ "ಸುಂದರ", "ಮನಮುಟ್ಟುವ" ಎಂಬ ಭಾವದ ಪದಗಳಿಗಿಂತ ಯಾವ ವಾದ್ಯ, ಎಷ್ಟು ವಾದ್ಯ, ಏನು ಇರಬಾರದು ಎಂಬುದೇ ಹೆಚ್ಚು ಕೆಲಸ ಮಾಡುತ್ತದೆ. ಸುನೋದಂಥ ಉಪಕರಣದಲ್ಲಿ "Custom" ಆರಿಸಿ, "Instrumental" ಗುಂಡಿ ಒತ್ತಿ, ಶೈಲಿಯ ಪೆಟ್ಟಿಗೆಯಲ್ಲಿ ಇಷ್ಟು ಬರೆಯಿರಿ:

```
fingerpicked acoustic guitar, soft upright bass,
light brushed snare, 96 BPM, 4/4, sparse, steady dynamics,
repetitive pattern, no lead melody, no build-up, dry room sound
```

ಬೇಡದ್ದನ್ನು ಹೇಳಲು ಬೇರೆ ಪೆಟ್ಟಿಗೆ ಇದ್ದರೆ ಅದರಲ್ಲಿ:

```
vocals, humming, choir, guitar solo, drum fills, risers
```

ವಾದ್ಯಗಳು ಮೂರಕ್ಕಿಂತ ಹೆಚ್ಚಾಗದಿರಲಿ. ನಾಲ್ಕನೆಯದು ಸೇರಿದಾಗ ಅದು ರಾಗ ಹಿಡಿದು ಮುಂದೆ ಬರುವ ಸಾಧ್ಯತೆ ಜಾಸ್ತಿ. ಕೊಳಲು, ಪಿಟೀಲು, ಸ್ಯಾಕ್ಸೋಫೋನ್ ಮನುಷ್ಯರ ದನಿಯ ಸ್ಥಾಯಿಯಲ್ಲೇ ನುಡಿಯುವುದರಿಂದ ಮಾತಿನ ಜೊತೆ ಗುದ್ದಾಡುತ್ತವೆ. ಅವನ್ನು ಮಾತಿಲ್ಲದ ಆರಂಭಕ್ಕೆ ಇಟ್ಟುಕೊಳ್ಳಿ.

ಕಲಾವಿದರ ಹೆಸರು, ಹಾಡಿನ ಹೆಸರು, ಸಿನಿಮಾದ ಹೆಸರು ಪ್ರಾಂಪ್ಟ್‌ನಲ್ಲಿ ಬೇಡ. ಹಲವು ಉಪಕರಣಗಳು ಅದನ್ನು ತಡೆಯುತ್ತವೆ. ತಡೆಯದಿದ್ದರೂ, ನಾಳೆ ಯಾರಾದರೂ "ನಮ್ಮ ಹಾಡನ್ನು ನಕಲು ಮಾಡಿದ್ದೀರಿ" ಎಂದರೆ ನಿಮ್ಮದೇ ಪ್ರಾಂಪ್ಟ್ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಇದಕ್ಕಿಂತ ಹೆಚ್ಚು ಅಪಾಯದ್ದು ಆಡಿಯೋ ಅಪ್‌ಲೋಡ್ ಮಾಡಿ "ಇದೇ ಥರ ಮಾಡು" ಎನ್ನುವ ಸೌಲಭ್ಯ. ಬೇರೆಯವರ ಧ್ವನಿಮುದ್ರಣ ಅಲ್ಲಿ ಹಾಕಿದರೆ, ಹೊರಬರುವ ಟ್ರ್ಯಾಕಿನಲ್ಲಿ ಆ ಮೂಲ ರಾಗ ಉಳಿದೇ ಇರಬಹುದು. ಪ್ಲಾನ್‌ಗೆ ಎಷ್ಟು ಹಣ ಕೊಟ್ಟಿದ್ದರೂ ಬೇರೆಯವರ ರಾಗದ ಹಕ್ಕನ್ನು ಆ ಉಪಕರಣ ನಿಮಗೆ ಕೊಡಲಾರದು. ನೀವೇ ನುಡಿಸಿದ, ನಿಮ್ಮದೇ ರಾಗವನ್ನಾದರೆ ಧಾರಾಳವಾಗಿ ಹಾಕಿ.

ಉಪಕರಣದ ಸಾರ್ವಜನಿಕ ಪಟ್ಟಿಯಲ್ಲಿ ನಿಮ್ಮ ಟ್ರ್ಯಾಕ್ ಕಾಣುವಂತಿದ್ದರೆ ಅದನ್ನು ಖಾಸಗಿ ಮಾಡಿ. ಕಾರಣ ಮುಂದೆ, "ಇದು ನಮ್ಮ ಹಾಡು" ಎಂದು ಬೇರೆಯವರು ಹಾಕುವ ಕ್ಲೇಮ್ ವಿಷಯಕ್ಕೆ ಬಂದಾಗ ತಿಳಿಯುತ್ತದೆ.

ಆರಿಸುವುದು

ಎಂಟು ಟ್ರ್ಯಾಕ್ ಮಾಡಿ, ಒಂದನ್ನು ಉಳಿಸಿಕೊಳ್ಳುವ ಲೆಕ್ಕ ಇಟ್ಟುಕೊಳ್ಳಿ. ಕೇಳುವಾಗ ಸಂಗೀತವನ್ನೊಂದೇ ಕೇಳಿ ತೀರ್ಮಾನಿಸಬೇಡಿ, ಒಂಟಿಯಾಗಿ ಕೇಳಿದಾಗ ಸೆಳೆಯುವ ಟ್ರ್ಯಾಕೇ ಮಾತಿನ ಕೆಳಗೆ ತೊಂದರೆ ಕೊಡುತ್ತದೆ. ನಿಮ್ಮ ಮಾತಿನ 30 ಸೆಕೆಂಡು ತೆಗೆದುಕೊಂಡು ಪ್ರತಿ ಟ್ರ್ಯಾಕನ್ನೂ ಅದರ ಕೆಳಗೆ ಮೆಲುವಾಗಿ ಹಾಕಿ ಕೇಳಿ. ಮಾತು ಕೇಳುತ್ತಾ ಕೇಳುತ್ತಾ ಗಮನ ಸಂಗೀತದ ಕಡೆ ಹೊರಳಿದರೆ ಆ ಟ್ರ್ಯಾಕ್ ಬಿಟ್ಟುಬಿಡಿ.

ಉಳಿದವನ್ನು ಹೆಡ್‌ಫೋನಿನಲ್ಲಿ ಮೊದಲಿನಿಂದ ಕೊನೆಯವರೆಗೆ ಕೇಳಿ. "Instrumental" ಒತ್ತಿದ್ದರೂ ಎಲ್ಲೋ ಒಂದು ಕಡೆ "ಊ" ಎಂಬ ಗುನುಗು ನುಸುಳಿರಬಹುದು. ಮಾತಿನ ಕೆಳಗೆ ಅದು ಪಕ್ಕದ ಕೋಣೆಯಲ್ಲಿ ಯಾರೋ ಇದ್ದಂತೆ ಕೇಳಿಸುತ್ತದೆ. ತಾಳವಾದ್ಯದ ತುದಿಯಲ್ಲಿ, ಸುಮಾರು 10 ಕಿಲೋಹರ್ಟ್ಸ್‌ಗಿಂತ ಮೇಲೆ, ಮಿಣುಗುವ ಲೋಹದಂಥ ಸದ್ದು ಎಐ ಟ್ರ್ಯಾಕುಗಳ ಸಾಮಾನ್ಯ ದೋಷ. ಕಡಿಮೆ ಇದ್ದರೆ ಆ ಭಾಗವನ್ನು ಈಕ್ವಲೈಸರಿನಲ್ಲಿ 4ರಿಂದ 6 ಡೆಸಿಬಲ್ ತಗ್ಗಿಸಿದರೆ ಹೋಗುತ್ತದೆ, ಜಾಸ್ತಿ ಇದ್ದರೆ ಬೇರೆ ಟ್ರ್ಯಾಕ್ ಹುಡುಕುವುದೇ ಲೇಸು.

ಕೊನೆಗೆ ವೇಗ. 96 ಎಂದು ಬರೆದ ಮಾತ್ರಕ್ಕೆ 96 ಬಂದೇ ಬರುತ್ತದೆಂದಿಲ್ಲ. ಎಡಿಟರಿನಲ್ಲಿ ಮೊದಲ ಬಡಿತವನ್ನು ಸೊನ್ನೆಗೆ ಹೊಂದಿಸಿ, ಹದಿನೇಳನೆಯ ಆವರ್ತದ ಮೊದಲ ಬಡಿತ ಎಲ್ಲಿ ಬಿದ್ದಿದೆ ನೋಡಿ. 40 ಸೆಕೆಂಡಿಗೆ ಬಿದ್ದರೆ ಸರಿ. 41ಕ್ಕೆ ಬಿದ್ದರೆ ವೇಗ ಸುಮಾರು 93.7. ವೇಗ ಉದ್ದಕ್ಕೂ ಒಂದೇ ಇದ್ದರೆ ಸ್ವರ ಬದಲಾಗದಂತೆ 41 ಸೆಕೆಂಡನ್ನು 40ಕ್ಕೆ ಕುಗ್ಗಿಸಬಹುದು. ನಡುನಡುವೆ ವೇಗ ಏರಿಳಿದರೆ ಆ ಟ್ರ್ಯಾಕ್ ಮತ್ತೆ ಮತ್ತೆ ಜೋಡಿಸುವ ಲೂಪ್‌ಗೆ ಒಗ್ಗುವುದಿಲ್ಲ.

ಆರಿಸಿದ್ದನ್ನು ಸಾಧ್ಯವಿದ್ದರೆ ಎಂಪಿ3 ಬದಲು ಡಬ್ಲ್ಯೂಎವಿ ಆಗಿ ಇಳಿಸಿಕೊಳ್ಳಿ. ವಿಡಿಯೋ ಅಪ್‌ಲೋಡ್ ಆದಾಗ ವೇದಿಕೆ ಅದನ್ನು ಮತ್ತೊಮ್ಮೆ ಕುಗ್ಗಿಸುತ್ತದೆ. ಎರಡು ಸಲ ಕುಗ್ಗಿದಾಗ ಮೇಲೆ ಹೇಳಿದ ಮಿಣುಗು ಇನ್ನೂ ಎದ್ದು ಕೇಳಿಸುತ್ತದೆ.

ಕತ್ತರಿಸಿ ಜೋಡಿಸುವುದು

ಎರಡೂವರೆ ನಿಮಿಷದ ಟ್ರ್ಯಾಕಿನಿಂದ ನಾಲ್ಕು ತುಂಡು ಸಾಕು: ಆರಂಭದ 20 ಸೆಕೆಂಡು, ನಡುವಿನಿಂದ 40 ಸೆಕೆಂಡಿನ ಎರಡು ಬೇರೆ ಬೇರೆ ಭಾಗ, ಕೊನೆಯ 20 ಸೆಕೆಂಡು. ನಡುವಿನ ಮೊದಲ ಭಾಗವನ್ನು ಎರಡು ಸಲ ಜೋಡಿಸಿ 0:20ರಿಂದ 1:40ರವರೆಗೆ ತುಂಬಿಸಿ, ಎರಡನೆಯದನ್ನು ಎರಡು ಸಲ ಜೋಡಿಸಿ 3:40ರಿಂದ 5:00ರವರೆಗೆ. ಎರಡು ಜಾಗದಲ್ಲೂ ಒಂದೇ ತುಂಡು ಹಾಕಿದರೆ ಕೇಳುವವರಿಗೆ ಗೊತ್ತಾಗಿಬಿಡುತ್ತದೆ.

ಲೂಪ್ ತುಂಡನ್ನು ಟ್ರ್ಯಾಕಿನ ಮೊದಲ ಸೆಕೆಂಡಿನಿಂದ ತೆಗೆಯಬೇಡಿ. ಅಲ್ಲಿ ಹಿಂದಿನ ಸ್ವರಗಳ ಗುಂಗು ಇರುವುದಿಲ್ಲ. ತುಂಡು ಮುಗಿದು ಮತ್ತೆ ಶುರುವಾದಾಗ ಗುಂಗು ಥಟ್ಟನೆ ಕಡಿದು, ಜೋಡಣೆ ಬಯಲಾಗುತ್ತದೆ. ನಡುವಿನಿಂದ ತೆಗೆದ ತುಂಡಿನ ಮೊದಲ ಬಡಿತದಲ್ಲಿ ಹಿಂದಿನ ಆವರ್ತದ ಗುಂಗು ಆಗಲೇ ಬೆರೆತಿರುತ್ತದೆ. ಜೋಡಣೆಯಲ್ಲಿ 10ರಿಂದ 30 ಮಿಲಿಸೆಕೆಂಡಿನ, ಒಂದು ತುಂಡು ಇಳಿಯುತ್ತಾ ಇನ್ನೊಂದು ಏರುವ ಕ್ರಾಸ್‌ಫೇಡ್ ಕೊಟ್ಟರೆ "ಟಿಕ್" ಸದ್ದು ಬರುವುದಿಲ್ಲ. ಸಂಗೀತ ನಿಲ್ಲುವ ಕಡೆ, 1:40ರಲ್ಲಿ, ಎರಡು ಸೆಕೆಂಡಿನಲ್ಲಿ ನಿಧಾನ ಕರಗಿಸಿ.

ಮಾತಿನ ಕೆಳಗೆ ಎಷ್ಟು ಮೆಲು

ಕಿವಿಯ ಅಂದಾಜು ಇಲ್ಲಿ ಮೋಸ ಮಾಡುತ್ತದೆ. ಎಡಿಟ್ ಮಾಡುವವರಿಗೆ ಮಾತು ಬಾಯಿಪಾಠವಾಗಿರುವುದರಿಂದ ಸಂಗೀತ ಎಷ್ಟು ಜೋರಿದ್ದರೂ ಮಾತು ಅರ್ಥವಾಗುತ್ತದೆ. ಮೊದಲ ಸಲ ಕೇಳುವವರಿಗೆ ಹಾಗಲ್ಲ. ಜಾಲತಾಣಗಳ ಸುಲಭ ಬಳಕೆಗೆ ಇರುವ ಡಬ್ಲ್ಯೂಸಿಎಜಿ ಮಾನದಂಡದ ಅತ್ಯುನ್ನತ ಹಂತದಲ್ಲಿ ಒಂದು ಸ್ಪಷ್ಟ ಅಂಕಿ ಇದೆ: ಹಿನ್ನೆಲೆ ಸದ್ದು ಮಾತಿಗಿಂತ ಕನಿಷ್ಠ 20 ಡೆಸಿಬಲ್ ಕಡಿಮೆ ಇರಬೇಕು. ಕಿವಿ ಮಂದವಾದವರಿಗೂ ಮಾತು ತಿಳಿಯಲಿ ಎಂದು ಇಟ್ಟ ಅಂಕಿ ಅದು. ಕಲಿಸುವ ವಿಡಿಯೋಗೆ ಇದನ್ನೇ ಗುರಿಯಾಗಿಡುವುದು ಒಳ್ಳೆಯದು.

ಅಳೆಯಲು ಎಡಿಟರಿನ ಲೌಡ್‌ನೆಸ್ ಮೀಟರ್ ಬಳಸಿ, ಅಥವಾ ಎಫ್ಎಫ್‌ಎಂಪೆಗ್ ಎಂಬ ಆಜ್ಞಾಸಾಲಿನ ಪ್ರೋಗ್ರಾಂ ಇದ್ದರೆ:

```
ffmpeg -i music.wav -af ebur128 -f null -
```

ಕೊನೆಯಲ್ಲಿ ಬರುವ `Summary` ಅಡಿ `I:` ಎಂಬ ಸಾಲಿನಲ್ಲಿ ಒಟ್ಟಾರೆ ಜೋರು ಎಲ್‌ಯುಎಫ್‌ಎಸ್ ಎಂಬ ಮಾನದಲ್ಲಿ ಇರುತ್ತದೆ. ಮಾತಿನ ಕಡತ ‑16 ಇದ್ದರೆ ಅದರ ಕೆಳಗಿನ ಸಂಗೀತ ‑36 ಆಗಬೇಕು. ಇಳಿಸಿಕೊಂಡ ಟ್ರ್ಯಾಕ್ ‑13 ಎಂದು ತೋರಿಸಿದರೆ ಸಂಗೀತವನ್ನು 23 ಡೆಸಿಬಲ್ ತಗ್ಗಿಸಬೇಕು ಎಂದರ್ಥ. ಆ ಅಂಕಿ ನೋಡಿ ಗಾಬರಿಯಾಗಬೇಡಿ, ಎಐ ಟ್ರ್ಯಾಕುಗಳು ಮಾರಾಟದ ಹಾಡಿನಂತೆ ಜೋರಾಗಿ ಬರುವುದರಿಂದ ಇಷ್ಟು ತಗ್ಗಿಸುವುದು ಸಹಜ. ಮಾತಿಲ್ಲದ ಮೊದಲ 20 ಸೆಕೆಂಡಿಗೆ ಅದನ್ನೇ ‑20ರ ಸುಮಾರಿಗೆ ಇಟ್ಟು, ಮಾತು ಶುರುವಾಗುವ ಒಂದು ಸೆಕೆಂಡು ಮುಂಚಿನಿಂದ ಕೆಳಗಿಳಿಸಿ.

ಮಾತಿಗೆ ತಕ್ಕಂತೆ ಸಂಗೀತವನ್ನು ತಾನಾಗಿಯೇ ತಗ್ಗಿಸುವ ಡಕಿಂಗ್ ಸೌಲಭ್ಯವನ್ನು ಎಚ್ಚರದಿಂದ ಬಳಸಿ. ಮಾತು ನಿಂತ ಮೇಲೆ ಸಂಗೀತ ಮರಳಿ ಏರುವ ಅವಧಿ ತೀರಾ ಚಿಕ್ಕದಿದ್ದರೆ, ಪದ ಪದದ ನಡುವೆ ಸಂಗೀತ ಉಬ್ಬಿ ತಗ್ಗಿ ಏದುಸಿರು ಬಿಟ್ಟಂತೆ ಕೇಳುತ್ತದೆ. ಆ ಅವಧಿಯನ್ನು ಅರ್ಧ ಸೆಕೆಂಡಿಗೂ ಹೆಚ್ಚು ಇಡಿ. ಸಂಗೀತದಲ್ಲಿ 2ರಿಂದ 4 ಕಿಲೋಹರ್ಟ್ಸ್ ಭಾಗವನ್ನು ಮೂರು ಡೆಸಿಬಲ್ ತಗ್ಗಿಸಿದರೆ ವ್ಯಂಜನಗಳು ಇನ್ನಷ್ಟು ಬಿಡಿಬಿಡಿಯಾಗಿ ಕೇಳುತ್ತವೆ. ಪೂರ್ತಿ ಮಿಶ್ರಣವನ್ನು ಒಮ್ಮೆ ಫೋನಿನ ಸ್ಪೀಕರಿನಲ್ಲಿ ಕೇಳಿ. ಯೂಟ್ಯೂಬ್ ‑14 ಎಲ್‌ಯುಎಫ್‌ಎಸ್‌ಗಿಂತ ಜೋರಾದದ್ದನ್ನು ತಾನೇ ತಗ್ಗಿಸುತ್ತದೆ, ಮೆಲು ಇರುವುದನ್ನು ಏರಿಸುವುದಿಲ್ಲ.

ಎಡಿಟ್ ಮುಚ್ಚುವ ಮುನ್ನ ಒಂದು ಕೆಲಸ: ಸಂಗೀತವಿಲ್ಲದ ಇನ್ನೊಂದು ಪ್ರತಿಯನ್ನೂ ತೆಗೆದಿಡಿ. ಮುಂದೆ ಟ್ರ್ಯಾಕ್ ಬದಲಿಸಬೇಕಾಗಿ ಬಂದರೆ ಇಡೀ ಎಡಿಟ್ ಬಿಚ್ಚಬೇಕಾಗುವುದಿಲ್ಲ.

ಅನುಮತಿ ಬೇರೆ, ಒಡೆತನ ಬೇರೆ

ಚಂದಾ ಕಟ್ಟಿದ್ದೇನೆ, ಆದ್ದರಿಂದ ಈ ಸಂಗೀತ ನನ್ನದು ಎಂಬ ಮಾತು ಅರ್ಧ ಮಾತ್ರ ಸರಿ. ಷರತ್ತು ಕೊಡುವುದು ನಿಮಗೂ ಆ ಕಂಪನಿಗೂ ನಡುವಿನ ಅನುಮತಿ. ಕೃತಿಸ್ವಾಮ್ಯ ಎಂದರೆ ಇಡೀ ಲೋಕದ ಎದುರು ಹೇಳಬಹುದಾದ ಹಕ್ಕು, ಅದನ್ನು ಕೊಡುವುದು ಕಾನೂನು. ಅಮೆರಿಕದ ಕೃತಿಸ್ವಾಮ್ಯ ಕಚೇರಿ 2025ರ ಜನವರಿಯ ವರದಿಯಲ್ಲಿ, ಕೇವಲ ಪ್ರಾಂಪ್ಟ್ ಬರೆದ ಮಾತ್ರಕ್ಕೆ ಹೊರಬಂದ ಕೃತಿಯ ಮೇಲೆ ಮನುಷ್ಯ ಕರ್ತೃತ್ವ ಸಿದ್ಧವಾಗುವುದಿಲ್ಲ ಎಂದು ಹೇಳಿದೆ. ಮನುಷ್ಯರು ತಾವೇ ಬರೆದ ಸಾಹಿತ್ಯ, ತಾವೇ ನುಡಿಸಿದ ಭಾಗ, ಸೃಜನಶೀಲವಾಗಿ ಮಾಡಿದ ಜೋಡಣೆಗೆ ರಕ್ಷಣೆ ಸಿಗಬಹುದು. ದೇಶದಿಂದ ದೇಶಕ್ಕೆ ಕಾನೂನು ಬೇರೆಯಾಗುತ್ತದೆ.

ವಿಡಿಯೋ ಮಾಡುವವರಿಗೆ ಇದರಿಂದ ಆಗುವ ಪರಿಣಾಮ ಎರಡು. ನಿಮ್ಮ ವಿಡಿಯೋದಲ್ಲಿ ಆ ಸಂಗೀತ ಬಳಸಲು ಅನುಮತಿಯೇ ಸಾಕು, ಒಡೆತನ ಬೇಕಿಲ್ಲ. ಆದರೆ ಬೇರೆಯವರು ಅದೇ ಟ್ರ್ಯಾಕ್ ಎತ್ತಿಕೊಂಡರೆ ತಡೆಯುವ ಬಲ ನಿಮಗೆ ಇಲ್ಲದಿರಬಹುದು. ಅದೇ ಕಾರಣಕ್ಕೆ ಆ ಟ್ರ್ಯಾಕನ್ನು, ವಿಡಿಯೋಗಳಲ್ಲಿರುವ ಹಾಡುಗಳನ್ನು ತಾನಾಗಿ ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆಗೆ ನಿಮ್ಮ ಹೆಸರಲ್ಲಿ ನೋಂದಾಯಿಸಲೂ ಹೋಗಬೇಡಿ. ಅಲ್ಲಿ ಬೇಕಾದದ್ದು ಏಕಮಾತ್ರ ಹಕ್ಕು.

ಗುಟ್ಟಾಗಿ ಅಪ್‌ಲೋಡ್ ಮಾಡಿ ನೋಡುವುದು

ಷರತ್ತು ಪೂರ್ತಿ ನಿಮ್ಮ ಕಡೆ ಇದ್ದರೂ ಕ್ಲೇಮ್ ಬರಬಹುದು. ಎಐ ಹುಟ್ಟಿಸಿದ ರಾಗ ಅಕಸ್ಮಾತ್ ಈಗಾಗಲೇ ಇರುವ ಹಾಡನ್ನು ಹೋಲಬಹುದು. ಅಥವಾ ಸಾರ್ವಜನಿಕ ಪಟ್ಟಿಯಿಂದ ನಿಮ್ಮ ಟ್ರ್ಯಾಕನ್ನು ಬೇರೆ ಯಾರೋ ಇಳಿಸಿಕೊಂಡು, ವಿತರಕರ ಮೂಲಕ ಕಂಟೆಂಟ್ ಐಡಿಗೆ ಸೇರಿಸಿರಬಹುದು. ಟ್ರ್ಯಾಕ್ ಖಾಸಗಿಯಾಗಿಡಿ ಎಂದದ್ದು ಇದಕ್ಕೆ.

ಮೊದಲು ಮಾತಿಲ್ಲದ, ಸಂಗೀತವಷ್ಟೇ ಇರುವ ಕಡತವನ್ನು ಶಝಾಮ್‌ನಂಥ ಹಾಡು ಗುರುತಿಸುವ ಆ್ಯಪ್‌ಗೆ ಕೇಳಿಸಿ, ಎರಡು ಮೂರು ಬೇರೆ ಭಾಗಗಳಲ್ಲಿ. ಏನಾದರೂ ಹೆಸರು ಬಂದರೆ ಆ ಹಾಡನ್ನು ಕೇಳಿ ಹೋಲಿಸಿ. ನಿಜವಾಗಿ ಹೋಲುತ್ತಿದ್ದರೆ ವಾದ ಬೇಡ, ಟ್ರ್ಯಾಕ್ ಬಿಡಿ. ಆಮೇಲೆ ಪೂರ್ತಿ ವಿಡಿಯೋವನ್ನು ಯೂಟ್ಯೂಬಿಗೆ "Private" ಆಗಿ ಏರಿಸಿ. ಅಪ್‌ಲೋಡ್ ಹಂತಗಳಲ್ಲಿ "Checks" ಎಂಬಲ್ಲಿ ಕೃತಿಸ್ವಾಮ್ಯದ ತಪಾಸಣೆ ನಡೆಯುತ್ತದೆ. ಅದು ಮುಗಿಯುವವರೆಗೆ ಕಾಯಿರಿ. ಆತುರವಿಲ್ಲದಿದ್ದರೆ ಒಂದೆರಡು ದಿನ ಹಾಗೇ ಬಿಟ್ಟು ಮತ್ತೆ ನೋಡಿ.

ಈ ತಪಾಸಣೆ ದಾಟಿದರೆ "ಇವತ್ತಿನ ಸಂಗ್ರಹದಲ್ಲಿ ಹೋಲುವ ಕಡತ ಇಲ್ಲ" ಎಂದಷ್ಟೇ ಅರ್ಥ. ಯಂತ್ರ ಹೋಲಿಸುವುದು ಸದ್ದನ್ನು. ನಿಮ್ಮ ಪ್ಲಾನ್ ಯಾವುದು ಎಂಬುದು ಅದಕ್ಕೆ ಗೊತ್ತಿಲ್ಲ, ಉಚಿತ ಪ್ಲಾನ್‌ನ ಟ್ರ್ಯಾಕೂ ಇಲ್ಲಿ ಹಸಿರು ಗುರುತು ಪಡೆಯುತ್ತದೆ. ನಾಳೆ ಹೊಸ ಕಡತ ಸೇರಿದಾಗ ಹಳೆಯ ವಿಡಿಯೋಗೂ ಕ್ಲೇಮ್ ಬರಬಹುದು.

ಅಪ್‌ಲೋಡ್ ವೇಳೆ "Altered content" ಎಂಬ ಪ್ರಶ್ನೆ ಇರುತ್ತದೆ. ಯೂಟ್ಯೂಬಿನ ಸಹಾಯ ಪುಟವನ್ನು ಆ ದಿನ ತೆರೆದು, ಎಐ ಸಂಗೀತದ ಬಗ್ಗೆ ಅಲ್ಲಿ ಹೇಳಿರುವಂತೆ ಉತ್ತರಿಸಿ. ಉಪಕರಣದ ಷರತ್ತು ಹೆಸರು ಹಾಕಲು ಕೇಳಿದ್ದರೆ ವಿವರಣೆಯಲ್ಲಿ ಅದೇ ಪದಗಳಲ್ಲಿ ಹಾಕಿ.

ಕಡತದ ಚೀಲ

ಪ್ರತಿ ವಿಡಿಯೋಗೆ ಒಂದು ಫೋಲ್ಡರ್. ಅದರಲ್ಲಿ ಇಳಿಸಿಕೊಂಡ ಮೂಲ ಟ್ರ್ಯಾಕ್ ಹೆಸರು ಬದಲಿಸದೆ, ಟ್ರ್ಯಾಕ್ ಪುಟದ ಸ್ಕ್ರೀನ್‌ಶಾಟ್ ದಿನಾಂಕ ಕಾಣುವಂತೆ, ಚಂದಾ ರಸೀದಿ, ಷರತ್ತಿನ ಪಿಡಿಎಫ್, ಮತ್ತು ಇಂಥದೊಂದು ಟಿಪ್ಪಣಿ:

```
ವಿಡಿಯೋ: ಸೈಕಲ್ ಪಂಕ್ಚರ್
ಉಪಕರಣ, ಆವೃತ್ತಿ, ಪ್ಲಾನ್:
ಚಂದಾ ಶುರು / ಕೊನೆ:
ಟ್ರ್ಯಾಕ್ ತಯಾರಾದ ದಿನ, ಕೊಂಡಿ:
ಪ್ರಾಂಪ್ಟ್ (ಪೂರ್ತಿ):
ಅಪ್‌ಲೋಡ್ ಮಾಡಿದ ಆಡಿಯೋ: ಇಲ್ಲ
ಬಳಸಿದ ಸಮಯ: 0:00–1:40, 3:40–5:00, 5:40–6:00
```

ನೋಡಬೇಕಾದದ್ದು ಒಂದೇ: ಟ್ರ್ಯಾಕ್ ತಯಾರಾದ ದಿನ ಚಂದಾದ ಎರಡು ದಿನಾಂಕಗಳ ನಡುವೆ ಬೀಳುತ್ತದೆಯೇ.

ಕ್ಲೇಮ್ ಬಂದರೆ

ಕಂಟೆಂಟ್ ಐಡಿ ಕ್ಲೇಮ್ ಮತ್ತು ಕೃತಿಸ್ವಾಮ್ಯದ ಸ್ಟ್ರೈಕ್ ಒಂದೇ ಅಲ್ಲ. ಕ್ಲೇಮ್‌ನಿಂದ ಆ ವಿಡಿಯೋದ ಹಣ ಬೇರೆಯವರಿಗೆ ಹೋಗಬಹುದು ಅಥವಾ ವಿಡಿಯೋಗೆ ತಡೆ ಬೀಳಬಹುದು, ಚಾನೆಲ್‌ಗೆ ಪೆಟ್ಟಿಲ್ಲ. ಸ್ಟ್ರೈಕ್ ಹಾಗಲ್ಲ, 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು.

ಯೂಟ್ಯೂಬ್ ಸ್ಟುಡಿಯೋದಲ್ಲಿ ವಿಡಿಯೋದ ಎದುರು "Copyright" ಎಂದಿರುವುದನ್ನು ತೆರೆದು, ಯಾವ ಸೆಕೆಂಡಿನಿಂದ ಯಾವ ಸೆಕೆಂಡಿಗೆ, ಯಾವ ಹಾಡಿಗೆ, ಯಾರು ಕ್ಲೇಮ್ ಮಾಡಿದ್ದಾರೆ ನೋಡಿ. ಆ ಹಾಡನ್ನು ಹುಡುಕಿ ಕೇಳಿ. ನಿಮ್ಮ ಟ್ರ್ಯಾಕ್ ನಿಜಕ್ಕೂ ಅದನ್ನು ಹೋಲುತ್ತಿದ್ದರೆ ಸಂಗೀತವಿಲ್ಲದ ಪ್ರತಿ ಈಗ ನೆರವಿಗೆ ಬರುತ್ತದೆ, ಅಥವಾ ಅಲ್ಲೇ ಆ ಭಾಗದ ಹಾಡನ್ನು ಬದಲಿಸಬಹುದು, ಮ್ಯೂಟ್ ಮಾಡಬಹುದು. ಕ್ಲೇಮ್ ಆದದ್ದು ನಿಮ್ಮದೇ ಟ್ರ್ಯಾಕಿನ ಪ್ರತಿಯಾಗಿದ್ದು, ನಿಮ್ಮ ದಿನಾಂಕ ಅವರ ಪ್ರಕಟಣೆಗಿಂತ ಹಿಂದಿನದಾಗಿದ್ದರೆ ಮಾತ್ರ "Dispute" ಒತ್ತಿ. ಕಾರಣದಲ್ಲಿ ಲೈಸೆನ್ಸ್ ಆರಿಸಿ, ಉಪಕರಣದ ಹೆಸರು, ಪ್ಲಾನ್, ಟ್ರ್ಯಾಕ್ ತಯಾರಾದ ದಿನ, ಕೊಂಡಿ, ಷರತ್ತಿನ ಸಂಬಂಧಪಟ್ಟ ಸಾಲು, ಇಷ್ಟನ್ನು ಐದಾರು ವಾಕ್ಯದಲ್ಲಿ ಬರೆಯಿರಿ. "ಎಐ ಮಾಡಿದ್ದು, ಆದ್ದರಿಂದ ಯಾರಿಗೂ ಸೇರಿದ್ದಲ್ಲ" ಎಂಬ ವಾದ ಬೇಡ, ಅದು ನಿಮಗೆ ಅನುಮತಿ ಇದೆ ಎಂಬುದನ್ನು ತೋರಿಸುವುದಿಲ್ಲ.

ಕ್ಲೇಮ್ ಬಂದ ಐದು ದಿನದೊಳಗೆ ತಕರಾರು ಸಲ್ಲಿಸಿದರೆ ಮೊದಲ ದಿನದಿಂದಲೂ ಬಂದ ಹಣವನ್ನು ತೀರ್ಮಾನವಾಗುವವರೆಗೆ ತಡೆಹಿಡಿಯಲಾಗುತ್ತದೆ. ತಡಮಾಡಿದರೆ ತಕರಾರು ಸಲ್ಲಿಸಿದ ದಿನದಿಂದ ಮಾತ್ರ. ಎದುರಿನವರಿಗೆ ಉತ್ತರಿಸಲು 30 ದಿನ ಇರುತ್ತದೆ, ಉತ್ತರ ಬರದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ಅವರು ತಿರಸ್ಕರಿಸಿದರೆ ಮುಂದಿನ ಹೆಜ್ಜೆ ಮೇಲ್ಮನವಿ, ಅಲ್ಲಿ ಅವರಿಗೆ ಏಳು ದಿನ. ಆ ಹಂತದಲ್ಲಿ ಅವರು ವಿಡಿಯೋ ತೆಗೆಸುವ ಕಾನೂನು ಕೋರಿಕೆ ಸಲ್ಲಿಸಿದರೆ ಸ್ಟ್ರೈಕ್ ಬೀಳಬಹುದು. ಫೋಲ್ಡರಿನಲ್ಲಿ ರಸೀದಿ ಮತ್ತು ಷರತ್ತು ಎರಡೂ ಇದ್ದರೆ ಮೇಲ್ಮನವಿಗೆ ಹೋಗಿ, ಇಲ್ಲದಿದ್ದರೆ ಟ್ರ್ಯಾಕ್ ಬದಲಿಸಿ.